ಸೆಲ್ಫ್ ಅಪ್ರೈಸಲ್ ಬರೆಯುವುದು ಹೇಗೆ: ಪುರಾವೆಯಿಂದ ಶುರುಮಾಡಿ, ವಾಕ್ಯ ಕೊನೆಗೆ

ಮಾರ್ಚ್ ಕೊನೆಯಲ್ಲಿ ಎಚ್‌ಆರ್ ಕಡೆಯಿಂದ ಮೇಲ್ ಬರುತ್ತದೆ, ಒಂದು ವಾರದ ಗಡುವು ಇರುತ್ತದೆ. ಕೊನೆಯ ದಿನ ಸಂಜೆ ಖಾಲಿ ಬಾಕ್ಸ್ ತೆರೆದು ಕೂತವರು ಬರೆಯುವುದು ಹೆಚ್ಚುಕಡಿಮೆ ಒಂದೇ: «ವಹಿಸಿದ ಎಲ್ಲ ಜವಾಬ್ದಾರಿಗಳನ್ನು ಸಮಯಕ್ಕೆ ಸರಿಯಾಗಿ ಪೂರೈಸಿದ್ದೇನೆ, ತಂಡದ ಯಶಸ್ಸಿಗೆ ಮಹತ್ವದ ಕೊಡುಗೆ ನೀಡಿದ್ದೇನೆ.» ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪಕ್ಕದ ಸೀಟಿನವರ ಫಾರ್ಮ್‌ಗೆ ಇದನ್ನೇ ಅಂಟಿಸಿದರೂ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಿಮ್ಮ ಬರಹವನ್ನು ಮ್ಯಾನೇಜರ್ ಓದಿ ಅಲ್ಲಿಗೇ ಬಿಡುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಹಲವು ಮ್ಯಾನೇಜರ್‌ಗಳು ಒಟ್ಟಿಗೆ ಕೂತು ರೇಟಿಂಗ್ ಹೊಂದಿಸುವ ಸಭೆ ನಡೆಸುತ್ತಾರೆ. ನಿಮ್ಮ ಹೆಸರು ಬಂದಾಗ ಯಾರೋ «ಇವರು ಏನು ಮಾಡಿದ್ದಾರೆ?» ಎಂದು ಕೇಳಿದರೆ, ಮ್ಯಾನೇಜರ್ ಬಾಯಲ್ಲಿ ಎರಡು ವಾಕ್ಯ ಇರಬೇಕು. ಆ ಎರಡು ವಾಕ್ಯವನ್ನು ಒದಗಿಸುವುದೇ ಈ ಫಾರ್ಮ್‌ನ ಕೆಲಸ.

ಇಲ್ಲಿ ಉದಾಹರಣೆಗೆ ಬೆಂಗಳೂರಿನ ಯಾವುದೇ ಐಟಿ ಕಂಪನಿಯಲ್ಲಿ ಕಾಣುವಂಥ ಪ್ರೊಡಕ್ಷನ್ ಸಪೋರ್ಟ್ ಎಂಜಿನಿಯರ್ ಒಬ್ಬರ ಕೆಲಸವನ್ನು ಇಟ್ಟುಕೊಂಡಿದ್ದೇವೆ. ಏಪ್ರಿಲ್ 2025ರಿಂದ ಮಾರ್ಚ್ 2026ರವರೆಗಿನ ವರ್ಷ. ಅಂಕಿಗಳು ಲೆಕ್ಕದ ರೀತಿ ತೋರಿಸಲು ಕಲ್ಪಿಸಿಕೊಂಡವು. ಸಪೋರ್ಟ್ ಕೆಲಸವನ್ನೇ ಆರಿಸಲು ಕಾರಣವಿದೆ: ಎಲ್ಲ ಸರಿಯಿದ್ದಾಗ ಯಾರ ಕಣ್ಣಿಗೂ ಬೀಳದ ಕೆಲಸ ಇದು, ಬರೆಯಲು ಅತಿ ಕಷ್ಟವಾಗುವುದೂ ಇವರಿಗೇ.

## ಮೊದಲೇ ಎದುರಿಗಿಟ್ಟುಕೊಳ್ಳಬೇಕಾದವು

ವರ್ಷದ ಆರಂಭದಲ್ಲಿ ಒಪ್ಪಿಕೊಂಡ ಗೋಲ್ ಶೀಟ್ ಅಥವಾ ಕೆಆರ್‌ಎ, ಹೋದ ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಬರೆದ ಟಿಪ್ಪಣಿ, ಟಿಕೆಟ್ ಟೂಲ್‌ನ ಲಾಗಿನ್, ಮೇಲ್‌ನ ಸೆಂಟ್ ಫೋಲ್ಡರ್, ಕ್ಯಾಲೆಂಡರ್, ಒಂದು ಖಾಲಿ ಎಕ್ಸೆಲ್ ಶೀಟ್. ಎಚ್‌ಆರ್ ಪೋರ್ಟಲ್ ಅನ್ನು ಈಗಲೇ ತೆರೆಯಬೇಡಿ. ತೆರೆದರೆ ಬಾಕ್ಸ್ ತುಂಬಿಸುವ ಆತುರ ಶುರುವಾಗುತ್ತದೆ, ಎಷ್ಟೋ ಪೋರ್ಟಲ್‌ಗಳು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಲಾಗೌಟ್ ಆಗಿ ಬರೆದದ್ದನ್ನೂ ನುಂಗುತ್ತವೆ.

ಸಮಯದ ಅಂದಾಜು: ಪುರಾವೆ ಹುಡುಕಲು ಮೂರು ಗಂಟೆ, ಲೆಕ್ಕಕ್ಕೆ ಎರಡು, ಬರೆಯಲು ಒಂದು. ಬಹಳ ಜನ ಈ ಅನುಪಾತವನ್ನು ತಲೆಕೆಳಗು ಮಾಡುತ್ತಾರೆ. ಇಡೀ ಸಂಜೆ ವಾಕ್ಯ ತಿದ್ದುತ್ತಾರೆ, ಹುಡುಕಾಟಕ್ಕೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ.

## ಹಂತ 1: ತಿಂಗಳುವಾರು ಕಚ್ಚಾ ಪಟ್ಟಿ ಮಾಡಿ

ನೆನಪಿನಿಂದ ಬರೆದರೆ ಜನವರಿಯಿಂದ ಮಾರ್ಚ್‌ವರೆಗಿನದ್ದು ಮಾತ್ರ ಬರುತ್ತದೆ. ಹಾಗಾಗಿ ಎಕ್ಸೆಲ್‌ನಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ವಿಭಾಗ ಮಾಡಿ, ಒಂದೊಂದು ತಿಂಗಳಿಗೂ ಪ್ರತ್ಯೇಕವಾಗಿ ಹುಡುಕಿ.

ಟಿಕೆಟ್‌ಗಳು ಜಿರಾದಲ್ಲಿದ್ದರೆ ಈ ಹುಡುಕು ಸಾಲು ಸಾಕು:

```
assignee was currentUser() AND resolved >= "2025-04-01" AND resolved < "2026-04-01" ORDER BY resolved ASC
```

ಎರಡು ಕಡೆ ಎಚ್ಚರ ಬೇಕು. ಮೊದಲನೆಯದು, `assignee =` ಎಂದು ಹಾಕಿದರೆ ಈಗ ನಿಮ್ಮ ಹೆಸರಿನಲ್ಲಿರುವ ಟಿಕೆಟ್ ಮಾತ್ರ ಬರುತ್ತವೆ. ನೀವು ಮುಕ್ಕಾಲು ಕೆಲಸ ಮುಗಿಸಿ ಬೇರೆಯವರಿಗೆ ವರ್ಗಾಯಿಸಿದ್ದು ಕಾಣುವುದಿಲ್ಲ, ಅದಕ್ಕೇ `was`. ಎರಡನೆಯದು, `resolved <= "2026-03-31"` ಎಂದು ಬರೆದರೆ ಜಿರಾ ಅದನ್ನು ಆ ದಿನದ ನಡುರಾತ್ರಿ 12 ಗಂಟೆ ಎಂದೇ ತಿಳಿಯುತ್ತದೆ, ಮಾರ್ಚ್ 31ರಂದು ಮುಗಿಸಿದ್ದೆಲ್ಲ ತಪ್ಪಿಹೋಗುತ್ತದೆ.

ಕೋಡ್ ಬರೆಯುವವರಿಗೆ ಇದು:

```
git log --all --no-merges --author="ನಿಮ್ಮ ಮೇಲ್ ವಿಳಾಸ" --since="2025-04-01 00:00" --until="2026-04-01 00:00" --oneline
```

ಜೀಮೇಲ್ ಬಳಸುವ ಕಂಪನಿಯಾದರೆ ಹುಡುಕು ಪೆಟ್ಟಿಗೆಯಲ್ಲಿ `from:me after:2025/04/01 before:2025/05/01` ಎಂದು ತಿಂಗಳು ತಿಂಗಳು ಬದಲಿಸುತ್ತ ಹೋಗಿ. ನಮ್ಮ ಪ್ರಕಾರ ಅತಿ ಹೆಚ್ಚು ಸಿಗುವುದು ಸೆಂಟ್ ಮೇಲ್‌ನಲ್ಲೇ. ಟಿಕೆಟ್ ಆಗದ ಕೆಲಸವೆಲ್ಲ ಅಲ್ಲಿ ಬಿದ್ದಿರುತ್ತದೆ: ಸಮಸ್ಯೆಯ ಮೂಲ ಕಾರಣ ವಿವರಿಸಿದ ಆರ್‌ಸಿಎ, ಹೊಸಬರಿಗೆ ಕಳಿಸಿದ ವಿವರಣೆ, «ಇದು ಹೀಗೇ ಬಿಟ್ಟರೆ ಮುಂದಿನ ತಿಂಗಳು ತೊಂದರೆ» ಎಂದು ಮೊದಲೇ ಎಚ್ಚರಿಸಿದ್ದು. ಕ್ಯಾಲೆಂಡರ್‌ನಲ್ಲಿ ತರಬೇತಿ, ರಾತ್ರಿ ರಿಲೀಸ್, ಆನ್‌ಕಾಲ್ ವಾರಗಳು ಸಿಗುತ್ತವೆ.

ಸಿಕ್ಕ ಪ್ರತಿಯೊಂದಕ್ಕೂ ಒಂದು ಸಾಲು: ದಿನಾಂಕ, ಏನು ಮಾಡಿದ್ದು, ಟಿಕೆಟ್ ನಂಬರ್ ಅಥವಾ ಮೇಲ್‌ನ ಸಬ್ಜೆಕ್ಟ್, ಯಾರಿಗೆ ಉಪಯೋಗವಾಯಿತು. ಇಷ್ಟೇ. ಇಲ್ಲಿ ಚಂದದ ಭಾಷೆ ಬೇಡ.

ಇವನ್ನೆಲ್ಲ ಸ್ವಂತ ಜೀಮೇಲ್‌ಗೆ ಫಾರ್ವರ್ಡ್ ಮಾಡಿಕೊಳ್ಳಬೇಡಿ, ಗ್ರಾಹಕರ ಡೇಟಾ ಇರುವ ಸ್ಕ್ರೀನ್‌ಶಾಟ್ ಮೊಬೈಲ್‌ನಲ್ಲಿ ತೆಗೆಯಬೇಡಿ. ಬಹುತೇಕ ಕಂಪನಿಗಳಲ್ಲಿ ಇದು ಮಾಹಿತಿ ಭದ್ರತೆಯ ಉಲ್ಲಂಘನೆ. ಅಪ್ರೈಸಲ್‌ಗೋಸ್ಕರ ಮಾಡಿದೆ ಎಂದರೆ ಯಾರೂ ಕೇಳುವುದಿಲ್ಲ. ಶೀಟ್ ಕಂಪನಿಯ ಲ್ಯಾಪ್‌ಟಾಪ್‌ನಲ್ಲೇ ಇರಲಿ. ಟಿಕೆಟ್ ನಂಬರ್ ಇದ್ದರೆ ಸಾಕು, ಪುರಾವೆ ಅದರ ಜಾಗದಲ್ಲೇ ಇರುತ್ತದೆ.

## ಹಂತ 2: ನಾಲ್ಕೈದನ್ನು ಮಾತ್ರ ಆರಿಸಿ

ಪಟ್ಟಿಯಲ್ಲಿ ಅರವತ್ತು ಸಾಲು ಇರಬಹುದು. ಅಷ್ಟನ್ನೂ ಸುರಿದರೆ ಓದುವವರಿಗೆ ಯಾವುದು ದೊಡ್ಡದು ಎಂದು ತಿಳಿಯುವುದಿಲ್ಲ, ಸಣ್ಣದು ದೊಡ್ಡದನ್ನು ಮುಚ್ಚಿಹಾಕುತ್ತದೆ.

ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ನಾನು ಇದನ್ನು ಮಾಡದಿದ್ದರೆ ಏನಾಗುತ್ತಿತ್ತು? «ಏನೂ ಇಲ್ಲ, ಶಿಫ್ಟ್‌ನಲ್ಲಿ ಇನ್ನೊಬ್ಬರು ಮಾಡುತ್ತಿದ್ದರು» ಎಂಬ ಉತ್ತರ ಬಂದರೆ ಅದು ದೈನಂದಿನ ಕೆಲಸ, ಎಲ್ಲ ಸೇರಿಸಿ ಒಂದು ಸಾಲಿನಲ್ಲಿ ಮುಗಿಸಿ. «ಅದೇ ತೊಂದರೆ ಪ್ರತಿ ವಾರ ಬರುತ್ತಲೇ ಇರುತ್ತಿತ್ತು» ಎಂದಾದರೆ ಅದಕ್ಕೆ ಪ್ರತ್ಯೇಕ ಜಾಗ ಕೊಡಿ.

ಆರಿಸಿದ್ದನ್ನು ಗೋಲ್ ಶೀಟ್‌ಗೆ ಹೊಂದಿಸಿ. ಒಂದು ಗೋಲ್‌ಗೆ ಏನೂ ಸಿಗದಿದ್ದರೆ ಅದನ್ನು ಗುರುತು ಹಾಕಿ ಇಟ್ಟುಕೊಳ್ಳಿ, ಹಂತ 6ರಲ್ಲಿ ಅದಕ್ಕೆ ಬರುತ್ತೇವೆ. ಒಳ್ಳೆಯ ಕೆಲಸವೊಂದು ಯಾವ ಗೋಲ್‌ಗೂ ಸೇರದಿದ್ದರೆ ಬಲವಂತವಾಗಿ ತುರುಕಬೇಡಿ. ಹೆಚ್ಚಿನ ಫಾರ್ಮ್‌ಗಳಲ್ಲಿ «ಇತರೆ ಸಾಧನೆಗಳು» ಎಂಬ ಜಾಗವಿರುತ್ತದೆ.

## ಹಂತ 3: ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು

ಎಡವುವವರಲ್ಲಿ ಬಹುಪಾಲು ಇಲ್ಲೇ ಎಡವುತ್ತಾರೆ. ಒಂದು ಕೆಲಸವನ್ನು ಪೂರ್ತಿ ಲೆಕ್ಕಹಾಕಿ ನೋಡೋಣ.

ರಾತ್ರಿ 1 ಗಂಟೆಗೆ ಓಡುವ ಬಿಲ್ಲಿಂಗ್ ಜಾಬ್ ಇದೆ. ಬೆಳಗ್ಗೆ 7ರೊಳಗೆ ಮುಗಿದರೆ ಗ್ರಾಹಕರ ಕೈಗೆ ವರದಿ ಸಮಯಕ್ಕೆ ಸಿಗುತ್ತದೆ. ಜಾಬ್ ಆಗಾಗ ಮಧ್ಯದಲ್ಲೇ ನಿಲ್ಲುತ್ತಿತ್ತು, ಆನ್‌ಕಾಲ್‌ನಲ್ಲಿದ್ದವರು ಎದ್ದು ಮತ್ತೆ ಓಡಿಸಬೇಕಿತ್ತು. ನಮ್ಮ ಎಂಜಿನಿಯರ್ ಕಾರಣ ಹುಡುಕಿದರು: ಬೇರೆ ಸಿಸ್ಟಮ್‌ನಿಂದ ಬರುವ ಫೈಲ್ ಪೂರ್ತಿ ಇಳಿಯುವ ಮೊದಲೇ ಜಾಬ್ ಅದನ್ನು ಓದಲು ಶುರುಮಾಡುತ್ತಿತ್ತು. ಫೈಲ್‌ನ ಕೊನೆಯ ಸಾಲಿನಲ್ಲಿ ಒಟ್ಟು ದಾಖಲೆಗಳ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೂ ನಿಜವಾಗಿ ಬಂದ ಸಾಲುಗಳಿಗೂ ತಾಳೆ ನೋಡಿ, ಸರಿಹೋಗುವವರೆಗೆ ಐದೈದು ನಿಮಿಷ ಕಾಯುವ ಸ್ಕ್ರಿಪ್ಟ್ ಬರೆದರು. ಆಗಸ್ಟ್ 23ರಂದು ಅದು ಪ್ರೊಡಕ್ಷನ್‌ಗೆ ಹೋಯಿತು.

ಸಾಮಾನ್ಯವಾಗಿ ಇದನ್ನು «ಬ್ಯಾಚ್ ಜಾಬ್‌ಗಳ ಸ್ಥಿರತೆಯನ್ನು ಗಣನೀಯವಾಗಿ ಹೆಚ್ಚಿಸಿದ್ದೇನೆ» ಎಂದು ಬರೆಯುತ್ತಾರೆ. ಅದರ ಬದಲು ಹೀಗೆ ಮಾಡಿ.

ಎರಡು ಅವಧಿ ಆರಿಸಿ. ಉದ್ದದಲ್ಲಿ ಅವು ಹತ್ತಿರ ಹತ್ತಿರ ಇರಬೇಕು, ಬದಲಾವಣೆ ನಡೆದ ದಿನ ಎರಡರಲ್ಲೂ ಬರಬಾರದು. ಏಪ್ರಿಲ್–ಜೂನ್ 91 ರಾತ್ರಿ, ಅಕ್ಟೋಬರ್–ಡಿಸೆಂಬರ್ 92 ರಾತ್ರಿ. ಜುಲೈ–ಸೆಪ್ಟೆಂಬರ್ ಮಿಶ್ರ ಅವಧಿ, ಅದನ್ನು ಬಿಡಿ.

ಎಣಿಸಿ. ಮೊದಲ ಅವಧಿಯಲ್ಲಿ ಜಾಬ್ 11 ರಾತ್ರಿ ನಿಂತಿತ್ತು, ಎರಡನೆಯದರಲ್ಲಿ 2 ರಾತ್ರಿ.

ಕಾರಣದಿಂದ ಬೇರ್ಪಡಿಸಿ. ಇದನ್ನು ಬಿಡಲೇಬೇಡಿ. ಟಿಕೆಟ್‌ಗಳನ್ನು ಒಂದೊಂದಾಗಿ ತೆರೆದು ನೋಡಿದರೆ, 11ರಲ್ಲಿ 8 ಅಪೂರ್ಣ ಫೈಲ್‌ನಿಂದ ಆದವು, ಉಳಿದ 3 ಡೇಟಾಬೇಸ್ ಮತ್ತು ಡಿಸ್ಕ್ ತೊಂದರೆ. ಎರಡನೆಯ ಅವಧಿಯ 2 ಕೂಡ ಡೇಟಾಬೇಸ್‌ನವೇ. ಅಂದರೆ ನಿಮ್ಮ ಸ್ಕ್ರಿಪ್ಟ್ 8ನ್ನು 0 ಮಾಡಿದೆ. 3 ಇದ್ದದ್ದು 2 ಆದದ್ದಕ್ಕೂ ನಿಮಗೂ ಸಂಬಂಧವಿಲ್ಲ. «11ರಿಂದ 2ಕ್ಕೆ» ಎಂದರೆ ದೊಡ್ಡದಾಗಿ ಕೇಳುತ್ತದೆ, ಆದರೆ «8ರಿಂದ 0ಗೆ» ಎಂಬುದನ್ನು ಯಾರೂ ಅಲ್ಲಾಡಿಸಲಾರರು. «ಅದೇ ಸಮಯದಲ್ಲಿ ಸರ್ವರ್ ಕೂಡ ಬದಲಾಗಿತ್ತಲ್ಲ?» ಎಂದು ಸಭೆಯಲ್ಲಿ ಯಾರಾದರೂ ತೆಗೆದರೆ ಮೊದಲನೆಯದು ಕುಸಿಯುತ್ತದೆ, ಎರಡನೆಯದು ನಿಲ್ಲುತ್ತದೆ.

ಪರಿಣಾಮ ಯಾರಿಗೆ ತಟ್ಟಿತು ನೋಡಿ. ಮೊದಲ ಅವಧಿಯಲ್ಲಿ ವರದಿ 6 ಬೆಳಗ್ಗೆ 7 ಗಂಟೆಯ ಗಡುವು ದಾಟಿತ್ತು, ಎರಡನೆಯದರಲ್ಲಿ 1 ಬೆಳಗ್ಗೆ. ಮ್ಯಾನೇಜರ್‌ಗೆ ಜಾಬ್ ನಿಂತ ಲೆಕ್ಕಕ್ಕಿಂತ ಇದು ಹೆಚ್ಚು ಅರ್ಥವಾಗುತ್ತದೆ, ಏಕೆಂದರೆ ಗ್ರಾಹಕರ ಫೋನ್ ಬರುತ್ತಿದ್ದುದು ಅವರಿಗೆ.

ಈಗ ಇಲ್ಲಿ ಆಗುವ ಮೂರು ತಪ್ಪು.

ಬರಿ ಶೇಕಡಾ ಬರೆಯುವುದು ಮೊದಲನೆಯದು. 11ರಿಂದ 2ಕ್ಕೆ ಇಳಿದದ್ದು ಶೇ. 82ರಷ್ಟು ಇಳಿಕೆ, ನಿಜ. ಆದರೆ ಮೂಲ ಸಂಖ್ಯೆ ಇಲ್ಲದ ಶೇಕಡಾವನ್ನು ಅನುಭವಿ ಮ್ಯಾನೇಜರ್ ನಂಬುವುದಿಲ್ಲ. ಎರಡು ತಪ್ಪು ಒಂದಾದರೂ ಶೇ. 50 ಇಳಿಕೆಯೇ ಅಲ್ಲವೇ? ಮೂಲ ಸಂಖ್ಯೆ ಮೊದಲು, ಬೇಕೆನಿಸಿದರೆ ಶೇಕಡಾ ಆಮೇಲೆ.

ಎರಡನೆಯದು ಸಮಯ ಉಳಿತಾಯದ ಲೆಕ್ಕ. ಟಿಕೆಟ್ ತೆರೆದ ಗಳಿಗೆಯಿಂದ ಮುಚ್ಚಿದ ಗಳಿಗೆವರೆಗಿನದ್ದು ಕೆಲಸದ ಸಮಯವಲ್ಲ. ಅದರಲ್ಲಿ ಜಾಬ್ ತಾನಾಗಿ ಓಡುತ್ತಿದ್ದ ಹೊತ್ತು, ಬೇರೆ ತಂಡಕ್ಕೆ ಕಾದ ಹೊತ್ತು, ಬೆಳಗ್ಗೆ ಯಾರೋ ನೆನಪು ಮಾಡಿಕೊಂಡು ಮುಚ್ಚುವವರೆಗಿನ ಹೊತ್ತು ಎಲ್ಲ ಸೇರಿರುತ್ತದೆ. ವರ್ಕ್‌ಲಾಗ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಆನ್‌ಕಾಲ್ ಚಾಟ್‌ನಲ್ಲಿ ಎರಡು ಮೂರು ರಾತ್ರಿಯ ಸಂದೇಶಗಳ ಸಮಯ ನೋಡಿ, «ಸುಮಾರು ಎರಡೂವರೆ ಗಂಟೆ» ಎಂದು ಅಂದಾಜೆಂದೇ ಹೇಳಿ. 8 ಸಲಕ್ಕೆ 20 ಗಂಟೆ.

ಮೂರನೆಯದು ಈ 20 ಗಂಟೆಯನ್ನು ನಾಲ್ಕರಿಂದ ಗುಣಿಸಿ «ವರ್ಷಕ್ಕೆ 80 ಗಂಟೆ ಉಳಿಸಿದ್ದೇನೆ» ಎನ್ನುವುದು. ಸ್ಕ್ರಿಪ್ಟ್ ಶುರುವಾದದ್ದೇ ಆಗಸ್ಟ್ ಕೊನೆಗೆ. ಈ ವರ್ಷ ಉಳಿದದ್ದು ಅಷ್ಟಲ್ಲ. ಒಂದು ಅಂಕಿ ಉಬ್ಬಿಸಿದ್ದು ಕಂಡರೆ ಉಳಿದ ನಾಲ್ಕನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.

## ಹಂತ 4: ನಿಮ್ಮ ಪಾಲನ್ನು ಬಿಡಿಸಿ ಹೇಳಿ

ನಮ್ಮಲ್ಲಿ «ನಾನು» ಎಂದು ಬರೆಯಲು ಸಂಕೋಚ. ಎಲ್ಲವೂ «ನಾವು ಮಾಡಿದೆವು», «ಸರಿಪಡಿಸಲಾಯಿತು» ಎಂದಾಗುತ್ತದೆ. ಓದುವವರಿಗೆ ನೀವು ಮಾಡಿದಿರೋ, ಪಕ್ಕದಲ್ಲಿ ನಿಂತಿದ್ದಿರೋ ತಿಳಿಯುವುದಿಲ್ಲ. ಇನ್ನು ಕೆಲವರು ಉಲ್ಟಾ, ಐದು ಜನರ ಕೆಲಸವನ್ನು ಪೂರ್ತಿ ತಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ. ಆ ಐವರ ಫಾರ್ಮ್‌ಗಳನ್ನೂ ಓದುವುದು ಒಬ್ಬರೇ ಮ್ಯಾನೇಜರ್ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಪ್ರತಿ ಕೆಲಸಕ್ಕೂ ನಾಲ್ಕು ಪ್ರಶ್ನೆ: ತೊಂದರೆ ಗುರುತಿಸಿದ್ದು ಯಾರು, ಪರಿಹಾರ ತೀರ್ಮಾನಿಸಿದ್ದು ಯಾರು, ಕೈಯಾರೆ ಮಾಡಿದ್ದು ಯಾರು, ಆಮೇಲೆ ನೋಡಿಕೊಳ್ಳುತ್ತಿರುವುದು ಯಾರು? ನಮ್ಮ ಉದಾಹರಣೆಯಲ್ಲಿ ಕಾರಣ ಹುಡುಕಿದ್ದು, ಸ್ಕ್ರಿಪ್ಟ್ ಬರೆದದ್ದು ಈ ಎಂಜಿನಿಯರ್. ಶೆಡ್ಯೂಲರ್ ಬದಲಿಸಿದ್ದು ಸಹೋದ್ಯೋಗಿ. ಬರೆಯುವಾಗ ಅವರ ಪಾಲನ್ನೂ ಅರ್ಧ ಸಾಲಿನಲ್ಲಿ ಹೇಳಿ. ಇದು ಔದಾರ್ಯಕ್ಕಲ್ಲ, ನಿಮ್ಮ ಪಾಲು ಸ್ಪಷ್ಟವಾಗಿ ಕಾಣಲಿ ಎಂದು.

«ಪ್ರಮುಖ ಪಾತ್ರ ವಹಿಸಿದ್ದೇನೆ», «ಸಕ್ರಿಯವಾಗಿ ತೊಡಗಿಸಿಕೊಂಡಿದ್ದೇನೆ», «ಸಮನ್ವಯ ಸಾಧಿಸಿದ್ದೇನೆ» ಎಂಬ ಪದಗಳು ಕೈಗೆ ಬಂದರೆ ಅಲ್ಲೇ ನಿಲ್ಲಿ. ಬೆರಳು ಯಾವ ಕೆಲಸ ಮಾಡಿತು, ಅದನ್ನು ಬರೆಯಿರಿ: ಲಾಗ್ ಓದಿದೆ, ಸ್ಕ್ರಿಪ್ಟ್ ಬರೆದೆ, ಎರಡು ತಂಡಗಳ ನಡುವೆ ಫೈಲ್ ಕಳಿಸುವ ಸಮಯ ಒಪ್ಪಿಸಿದೆ.

## ಹಂತ 5: ಈಗ ವಾಕ್ಯ ಬರೆಯಿರಿ

ಸಾಮಗ್ರಿ ಸಿದ್ಧವಿದ್ದರೆ ಇದು ಸಲೀಸು. ಕ್ರಮ ಹೀಗಿರಲಿ: ತೊಂದರೆ ಅಂಕಿಯ ಸಮೇತ, ನೀವು ಮಾಡಿದ್ದು, ಆದ ಫಲ ಅಂಕಿಯ ಸಮೇತ, ಕೊನೆಗೆ ಪುರಾವೆಯ ಗುರುತು. ನಮ್ಮ ಉದಾಹರಣೆ ಹೀಗಾಗುತ್ತದೆ:

> ಏಪ್ರಿಲ್–ಜೂನ್ ಅವಧಿಯ 91 ರಾತ್ರಿಗಳಲ್ಲಿ ಬಿಲ್ಲಿಂಗ್ ಜಾಬ್ 11 ಬಾರಿ ನಿಂತಿತ್ತು, ಅದರಲ್ಲಿ 8ಕ್ಕೆ ಕಾರಣ ಅಪೂರ್ಣ ಫೈಲ್. ಲಾಗ್‌ಗಳಿಂದ ಕಾರಣ ಪತ್ತೆ ಮಾಡಿ, ಫೈಲ್ ಪೂರ್ತಿ ಬಂದಿದೆಯೇ ಎಂದು ತಾಳೆ ನೋಡುವ ಸ್ಕ್ರಿಪ್ಟ್ ಬರೆದೆ (ಶೆಡ್ಯೂಲರ್ ಬದಲಾವಣೆ ಸಹೋದ್ಯೋಗಿಯದು). ಆಗಸ್ಟ್ 23ರಂದು ಜಾರಿಯಾಯಿತು. ಅಕ್ಟೋಬರ್–ಡಿಸೆಂಬರ್‌ನಲ್ಲಿ ಈ ಕಾರಣಕ್ಕೆ ಜಾಬ್ ಒಮ್ಮೆಯೂ ನಿಂತಿಲ್ಲ. ಬೆಳಗ್ಗೆ 7ರ ಗಡುವು ತಪ್ಪಿದ್ದು 6 ಬಾರಿ ಇದ್ದದ್ದು 1 ಬಾರಿಗೆ ಇಳಿದಿದೆ. ಬದಲಾವಣೆಯ ಟಿಕೆಟ್ ಮತ್ತು ಎರಡೂ ಅವಧಿಯ ಪಟ್ಟಿ ಲಗತ್ತಿಸಿದೆ.

ಫಾರ್ಮ್ ಇಂಗ್ಲಿಷಿನಲ್ಲೇ ತುಂಬಬೇಕಾಗಿರಬಹುದು. ಆದರೂ ಮೊದಲ ಕರಡು ಕನ್ನಡದಲ್ಲಿ ಬರೆದು ನೋಡಿ. ಇಂಗ್ಲಿಷಿನ ಸಿದ್ಧ ಪದಗುಚ್ಛಗಳು ಕೈಗೆ ಸಿಗದ ಕಾರಣ ನಡೆದದ್ದನ್ನೇ ಹೇಳಬೇಕಾಗುತ್ತದೆ.

ಪೋರ್ಟಲ್‌ನಲ್ಲಿ ಅಕ್ಷರ ಮಿತಿ ಇದ್ದರೆ ಹಿನ್ನೆಲೆಯನ್ನು ಕತ್ತರಿಸಿ, ಅಂಕಿಯನ್ನಲ್ಲ. ಮೊದಲ ವಾಕ್ಯದ ಮಟ್ಟಿಗೆ ಒಂದು ಎಚ್ಚರ: ಎಷ್ಟೋ ಮ್ಯಾನೇಜರ್‌ಗಳು ಸಭೆಗೆ ಮುಂಚೆ ಪ್ರತಿ ಗೋಲ್‌ನ ಮೊದಲ ಒಂದೆರಡು ಸಾಲಷ್ಟೇ ಕಣ್ಣಾಡಿಸುತ್ತಾರೆ. ಅತಿ ಬಲವಾದ ಕೆಲಸ ಮೇಲಿರಲಿ. ತಿಂಗಳ ಕ್ರಮದಲ್ಲಿ ಬರೆದರೆ ಅದು ನಡುವೆ ಎಲ್ಲೋ ಹೂತುಹೋಗುತ್ತದೆ.

### ಅಂಕಿ ಸಿಗದ ಕೆಲಸಕ್ಕೆ

ಹೊಸಬರಿಗೆ ಕಲಿಸಿದ್ದು, ರನ್‌ಬುಕ್ ಬರೆದದ್ದು, ಅನಾಹುತ ಆಗುವ ಮೊದಲೇ ತಡೆದದ್ದು. ಇವಕ್ಕೆ ಸುಳ್ಳು ಅಂಕಿ ಹುಟ್ಟಿಸಬೇಡಿ. ಅಂಕಿ ಇಲ್ಲದಿದ್ದರೂ ಕುರುಹು ಇರುತ್ತದೆ. «ಹತ್ತು ಸೆಷನ್ ನಡೆಸಿದೆ» ಎಂಬುದು ನಿಮ್ಮ ಶ್ರಮದ ಲೆಕ್ಕ. «ಜುಲೈನಲ್ಲಿ ಸೇರಿದವರು ಸೆಪ್ಟೆಂಬರ್‌ನಿಂದ ಒಬ್ಬರೇ ರಾತ್ರಿ ಆನ್‌ಕಾಲ್ ನೋಡಿಕೊಳ್ಳುತ್ತಿದ್ದಾರೆ» ಎಂಬುದು ಫಲ. ರನ್‌ಬುಕ್ ಎಷ್ಟು ಪುಟ ಎಂಬುದು ಬೇಡ. ಯಾವ ರಾತ್ರಿ, ಯಾರು, ನಿಮಗೆ ಫೋನ್ ಮಾಡದೆ ಅದನ್ನು ನೋಡಿಕೊಂಡೇ ತೊಂದರೆ ಬಗೆಹರಿಸಿದರು ಎಂಬ ಒಂದು ಟಿಕೆಟ್ ಸಾಕು. ತಡೆದ ಅನಾಹುತಕ್ಕೆ, ನೀವು ಎಚ್ಚರಿಸಿದ ಮೇಲ್‌ನ ದಿನಾಂಕ ಮತ್ತು ಅದರಿಂದ ಬದಲಾದ ತೀರ್ಮಾನ ಇವೆರಡನ್ನೂ ಬರೆಯಿರಿ. ತಪ್ಪಿಹೋದ ನಷ್ಟ ಎಷ್ಟು ಲಕ್ಷ ಎಂದು ಊಹಿಸಲು ಹೋಗಬೇಡಿ.

ಗ್ರಾಹಕರ ಮೆಚ್ಚುಗೆ ಮೇಲ್‌ಗಳಲ್ಲಿ «ಥ್ಯಾಂಕ್ಸ್ ಟೀಮ್» ಎಂಬುದಕ್ಕೆ ಬೆಲೆ ಕಡಿಮೆ. ಯಾವ ಕೆಲಸಕ್ಕೆ ಎಂದು ಹೆಸರಿಸಿ ಬರೆದದ್ದು ಒಂದಿದ್ದರೂ ಅದನ್ನು ಹಾಕಿ.

## ಹಂತ 6: ಆಗದೆ ಉಳಿದ ಗೋಲ್

ಇದನ್ನು ಖಾಲಿ ಬಿಡುವುದು ಅಥವಾ «ಪ್ರಗತಿಯಲ್ಲಿದೆ» ಎಂದು ಮುಗಿಸುವುದು ಎರಡೂ ಕೆಡುತ್ತವೆ, ಮ್ಯಾನೇಜರ್‌ಗೆ ಅದು ಗೊತ್ತೇ ಇರುತ್ತದೆ. ಎಷ್ಟು ಆಯಿತು, ಎಲ್ಲಿ ನಿಂತಿತು, ಯಾವ ದಿನಾಂಕದಂದು ಯಾರಿಗೆ ತಿಳಿಸಿದಿರಿ, ಈಗ ಏನು ಬಾಕಿ, ಇಷ್ಟನ್ನು ಮೂರು ನಾಲ್ಕು ವಾಕ್ಯದಲ್ಲಿ ಹೇಳಿ. ಉದಾಹರಣೆಗೆ: «ಆರು ಜಾಬ್‌ಗಳನ್ನು ಹೊಸ ಶೆಡ್ಯೂಲರ್‌ಗೆ ವರ್ಗಾಯಿಸುವ ಗೋಲ್‌ನಲ್ಲಿ ನಾಲ್ಕು ಮುಗಿದಿವೆ. ಉಳಿದೆರಡಕ್ಕೆ ಬೇಕಾದ ಅನುಮತಿ ನವೆಂಬರ್‌ನಿಂದ ಬಾಕಿ ಇದೆ. ನವೆಂಬರ್ 14 ಮತ್ತು ಜನವರಿ 9ರಂದು ಮೇಲ್ ಮಾಡಿದ್ದೇನೆ.»

ಮೊದಲೇ ತಿಳಿಸಿದ ದಾಖಲೆ ಇದ್ದರೆ ಅದು ಕಾರಣ ಎನಿಸುತ್ತದೆ. ಇಲ್ಲದಿದ್ದರೆ ನೆಪ ಎನಿಸುತ್ತದೆ. ಬೇರೆ ತಂಡದ ಮೇಲೆ ದೂರು ಬರೆಯಲು ಇದು ಜಾಗವಲ್ಲ, ದಿನಾಂಕಗಳು ತಾವೇ ಮಾತಾಡಲಿ ಬಿಡಿ.

«ಸುಧಾರಿಸಿಕೊಳ್ಳಬೇಕಾದ ಅಂಶ» ಎಂಬ ಬಾಕ್ಸ್‌ನಲ್ಲಿ «ಅತಿಯಾಗಿ ಪರಿಪೂರ್ಣತೆ ಬಯಸುತ್ತೇನೆ» ಎಂದು ಬರೆದರೆ ನಗುತ್ತಾರೆ. ನಿಜವಾದ, ಸಣ್ಣ, ಸರಿಪಡಿಸಬಹುದಾದ ಒಂದನ್ನು ಹಾಕಿ. ನಮ್ಮ ಎಂಜಿನಿಯರ್‌ಗೆ ಅದು ಡೇಟಾಬೇಸ್ ಆಗಬಹುದು: ಉಳಿದಿರುವ ತೊಂದರೆಗಳು ಅಲ್ಲಿಯವೇ, ಕ್ವೆರಿ ನಿಧಾನವಾಗುವ ಕಾರಣ ಹುಡುಕಲು ಈಗಲೂ ಡಿಬಿಎ ಬೇಕಾಗುತ್ತಾರೆ, ಜೂನ್‌ನೊಳಗೆ ಅದನ್ನು ಕಲಿಯುವ ಯೋಜನೆ ಇದೆ.

## ಹಂತ 7: ಸಲ್ಲಿಸುವ ಮೊದಲು

ಪ್ರತಿ ಪ್ಯಾರಾದ ಮೇಲೂ ಸಹೋದ್ಯೋಗಿಯ ಹೆಸರಿಟ್ಟು ಓದಿ. ಅವರಿಗೂ ಒಪ್ಪಿದರೆ ಅದು ಇನ್ನೂ ಮೊಗಮ್ಮಾಗಿದೆ, ಹಂತ 3ಕ್ಕೆ ವಾಪಸ್. ನಂತರ ಪ್ರತಿ ಅಂಕಿಗೂ «ಎಲ್ಲಿಂದ ಬಂತು?» ಎಂದು ಕೇಳಿ. ಒಂದು ನಿಮಿಷದಲ್ಲಿ ತೆರೆದು ತೋರಿಸಲಾಗದ ಅಂಕಿಯನ್ನು ತೆಗೆಯಿರಿ, ಇಲ್ಲವೇ «ಅಂದಾಜು» ಎಂದು ಸೇರಿಸಿ.

ತಂಡದ ಹೊರಗಿನ ಯಾರಿಗಾದರೂ ಒಂದು ಪ್ಯಾರಾ ಓದಲು ಕೊಟ್ಟು, ಕಾಗದ ಕಸಿದುಕೊಂಡು, ಏನು ತಿಳಿಯಿತು ಎಂದು ಕೇಳಿ ನೋಡಿ. «ಏನೋ ಸ್ಕ್ರಿಪ್ಟ್ ಬರೆದಿದ್ದೀರಿ» ಎಂದರೆ ಫಲ ಕೆಳಗೆ ಹೂತಿದೆ. «ಬಿಲ್ಲಿಂಗ್ ವರದಿ ತಡವಾಗುತ್ತಿತ್ತು, ಈಗ ಆಗುತ್ತಿಲ್ಲ» ಎಂದರೆ ಸಾಕು, ಮ್ಯಾನೇಜರ್ ಸಭೆಯಲ್ಲಿ ಹೇಳುವುದೂ ಇದನ್ನೇ.

ಪೋರ್ಟಲ್‌ಗೆ ಅಂಟಿಸುವಾಗ ವರ್ಡ್‌ನಿಂದ ನೇರ ಅಂಟಿಸದೆ ನೋಟ್‌ಪ್ಯಾಡ್ ಮೂಲಕ ಅಂಟಿಸಿ, ಇಲ್ಲದಿದ್ದರೆ ಕೆಲವೊಮ್ಮೆ ಬುಲೆಟ್ ಗುರುತು, ಉದ್ಧರಣ ಚಿಹ್ನೆಗಳು ಕೆಟ್ಟ ಅಕ್ಷರಗಳಾಗಿ ಕಾಣುತ್ತವೆ. ಮೊದಲು ಡ್ರಾಫ್ಟ್ ಆಗಿ ಸೇವ್ ಮಾಡಿ, ಪುಟ ಮುಚ್ಚಿ ಮತ್ತೆ ತೆರೆದು ಕೊನೆಯ ವಾಕ್ಯ ಪೂರ್ತಿ ಇದೆಯೇ ನೋಡಿ: ಮಿತಿ ಮೀರಿದ್ದನ್ನು ಹೇಳದೆ ಕೇಳದೆ ಕತ್ತರಿಸುವ ಪೋರ್ಟಲ್‌ಗಳಿವೆ. ಸಲ್ಲಿಸಿದ ಮೇಲೆ ತಿದ್ದಲು ಬರದಿದ್ದರೆ ಮ್ಯಾನೇಜರ್ ಫಾರ್ಮ್ ವಾಪಸ್ ಕಳಿಸಬೇಕಾಗುತ್ತದೆ, ಗಡುವಿನ ದಿನ ಅವರಿಗೆ ಅದಕ್ಕೆ ಪುರುಸೊತ್ತು ಇರುವುದಿಲ್ಲ. ಒಂದು ದಿನ ಮೊದಲೇ ಕಳಿಸಿ. ಎಕ್ಸೆಲ್ ಶೀಟ್ ಅಳಿಸಬೇಡಿ, ಮ್ಯಾನೇಜರ್ ಜೊತೆ ಮಾತುಕತೆಗೆ ಕೂತಾಗ ಲ್ಯಾಪ್‌ಟಾಪ್‌ನಲ್ಲಿ ಅದು ತೆರೆದಿರಲಿ.